ಒತ್ತಿದ್ದು ಸರಿಯಾದ ಕ್ಷಣಕ್ಕೆ, ಫೋಟೊ ಬಂದದ್ದು ತಡವಾಗಿ: ಫೋನ್ ಕ್ಯಾಮೆರಾದ ದೋಷ ಹುಡುಕುವ ಬಗೆ

ಮಗು ಸೋಫಾದಿಂದ ಹಾರಿತು, ನೀವು ಬಟನ್ ಒತ್ತಿದಿರಿ. ಫೋಟೊ ತೆರೆದು ನೋಡಿದರೆ ಮಗು ಆಗಲೇ ನೆಲಕ್ಕಿಳಿದು ನಿಂತಿದೆ. ನಾಯಿ ಚೆಂಡು ಹಿಡಿಯುವುದನ್ನು ತೆಗೆಯಲು ಹೋದರೆ ಸಿಕ್ಕಿದ್ದು ಬಾಲದ ತುದಿ. ಇಂಥದ್ದು ನಾಲ್ಕು ಸಲ ಆದರೆ ಸಾಕು, "ಈ ಫೋನ್ ಸ್ಲೋ ಆಗಿದೆ" ಅಂತ ತೀರ್ಮಾನವಾಗಿಬಿಡುತ್ತದೆ. ನಿಜಕ್ಕೂ ಫೋನೇ ಕೆಟ್ಟಿರುವುದು ಕಡಿಮೆ. ಯಾವುದೋ ಒಂದು ಸೆಟ್ಟಿಂಗ್, ಕೋಣೆಯ ಮಂದ ಬೆಳಕು, ಇಲ್ಲವೇ ಬಟನ್ ಒತ್ತುವ ರೀತಿ ತಡ ಮಾಡಿಸುತ್ತಿರುತ್ತದೆ.

ಹಾಳಾದ ಫೋಟೊವನ್ನು ಕೂಡಲೇ ಅಳಿಸಬೇಡಿ. ಏನು ತಪ್ಪಾಗಿದೆ ಅನ್ನುವುದು ಅದರಲ್ಲೇ ಇರುತ್ತದೆ. ದೊಡ್ಡದು ಮಾಡಿ ಎರಡು ವಿಷಯ ನೋಡಿ. ಮಗು ಸ್ಪಷ್ಟವಾಗಿದೆಯಾ? ಮಗು ಸ್ಪಷ್ಟವಿಲ್ಲದಿದ್ದರೆ, ಹಿಂದಿನ ಗೋಡೆ, ಪರದೆ, ಮೇಜು ಸ್ಪಷ್ಟವಾಗಿವೆಯಾ? ಆಮೇಲೆ ಫೋಟೊದ ವಿವರ ತೆರೆಯಿರಿ. ಹೆಚ್ಚಿನ ಗ್ಯಾಲರಿಗಳಲ್ಲಿ ಫೋಟೊವನ್ನು ಮೇಲಕ್ಕೆ ಸರಿಸಿದರೆ ಅಥವಾ ಮಾಹಿತಿ ಗುರುತನ್ನು ಒತ್ತಿದರೆ 1/30 ಅಥವಾ 1/250 ಎನ್ನುವಂಥ ಒಂದು ಸಂಖ್ಯೆ ಕಾಣುತ್ತದೆ. ಅದು ಶಟರ್ ವೇಗ, ಅಂದರೆ ಆ ಫೋಟೊಗೆ ಬೆಳಕು ಹಿಡಿದದ್ದು ಒಂದು ಸೆಕೆಂಡಿನ ಎಷ್ಟನೇ ಒಂದು ಭಾಗ ಎಂಬ ಲೆಕ್ಕ. ಮುಂದೆ ಇದು ಬೇಕಾಗುತ್ತದೆ.

## ಫೋಟೊ ಸ್ಪಷ್ಟವಾಗಿದೆ, ಆದರೆ ಕ್ಷಣ ತಪ್ಪಿಹೋಗಿದೆ

ನಿಜವಾದ ಶಟರ್ ಲ್ಯಾಗ್ ಅಂದರೆ ಇದೇ. ಫೋಕಸ್ ಸರಿ ಇದೆ, ಬೆಳಕೂ ಸರಿ ಇದೆ, ಫೋಟೊ ಮಾತ್ರ ತಡವಾಗಿ ಬಿದ್ದಿದೆ.

ಮೊದಲು ಪುಕ್ಕಟೆ ಪರೀಕ್ಷೆಗಳು. ಟೈಮರ್ ಆನ್ ಆಗಿದೆಯಾ ನೋಡಿ. ನಗಬೇಡಿ, ಮನೆಯವರ ಗುಂಪು ಫೋಟೊಗೆ ಹಾಕಿದ 3 ಸೆಕೆಂಡಿನ ಟೈಮರ್ ಎಷ್ಟೋ ಫೋನ್‌ಗಳಲ್ಲಿ ಹಾಗೇ ಉಳಿದಿರುತ್ತದೆ. ನಂತರ ಫ್ಲ್ಯಾಶ್ ಪೂರ್ತಿ ಆಫ್ ಮಾಡಿ. ಆಟೋದಲ್ಲಿ ಬಿಡುವುದೂ ಬೇಡ. ಫ್ಲ್ಯಾಶ್ ಬಳಸುವಾಗ ಫೋನ್ ಮೊದಲೊಮ್ಮೆ ಬೆಳಕು ಬಿಟ್ಟು ಎಷ್ಟು ಬೇಕು ಅಂತ ಅಳೆಯುತ್ತದೆ, ಆಮೇಲಷ್ಟೇ ಫೋಟೊ ತೆಗೆಯುತ್ತದೆ. ಆ ನಡುವಿನ ಹೊತ್ತಿನಲ್ಲಿ ಬೆಕ್ಕು ಕಣ್ಣು ಮುಚ್ಚಿಕೊಂಡೋ ಮುಖ ತಿರುಗಿಸಿಯೋ ಬಿಟ್ಟಿರುತ್ತದೆ.

ಮೂರನೆಯದು ನೈಟ್ ಮೋಡ್. ಸಂಜೆ ಮನೆಯೊಳಗೆ ಇದು ತಾನಾಗಿಯೇ ಆನ್ ಆಗುವ ಫೋನ್‌ಗಳಿವೆ. ಚಂದ್ರನ ಗುರುತು ಕಂಡರೆ ಫೋನ್ ಒಂದು ಸೆಕೆಂಡೋ ಮೂರು ಸೆಕೆಂಡೋ ಚಿತ್ರಗಳನ್ನು ಕೂಡಿಸುತ್ತಾ ಇರುತ್ತದೆ. ಹೂದಾನಿಗೆ ಅದು ಚೆನ್ನ, ಓಡುವ ಮಗುವಿಗೆ ಅಲ್ಲ. ಪೋರ್ಟ್ರೇಟ್ ಮೋಡ್ ಮತ್ತು 50, 108, 200 ಮೆಗಾಪಿಕ್ಸೆಲ್‌ನ ದೊಡ್ಡ ಫೋಟೊ ಆಯ್ಕೆಯೂ ನಿಧಾನವೇ. ಹಾಗಾಗಿ ಸಾದಾ ಫೋಟೊ ಮೋಡ್‌ಗೆ ಬನ್ನಿ.

ಸಾದಾ ಮೋಡ್ ಯಾಕೆ ಬೇಗ ಅನ್ನುವುದನ್ನೂ ತಿಳಿದಿರಿ. ಕ್ಯಾಮೆರಾ ತೆರೆದಿರುವಷ್ಟು ಹೊತ್ತೂ ಫೋನ್ ಒಂದರ ಹಿಂದೆ ಒಂದು ಚಿತ್ರ ಹಿಡಿದು ಸ್ವಲ್ಪ ಹೊತ್ತು ಇಟ್ಟುಕೊಂಡು, ಹಳೆಯದನ್ನು ಬಿಸಾಡುತ್ತಿರುತ್ತದೆ. ನೀವು ಬಟನ್ ಒತ್ತಿದಾಗ ಹೊಸದಾಗಿ ತೆಗೆಯುವ ಬದಲು ಆಗಲೇ ಕೈಯಲ್ಲಿರುವ ಚಿತ್ರಗಳಿಂದ ಫೋಟೊ ಮಾಡಿ ಕೊಡುತ್ತದೆ. ಬೆಳಕು ಚೆನ್ನಾಗಿದ್ದಾಗ ಈಗಿನ ಹೆಚ್ಚಿನ ಫೋನ್‌ಗಳು ಹೀಗೇ ಕೆಲಸ ಮಾಡುವುದು. ಫ್ಲ್ಯಾಶ್, ನೈಟ್ ಮೋಡ್ ಬಂದ ಕೂಡಲೇ ಈ ಉಪಾಯ ನಡೆಯುವುದಿಲ್ಲ, ಹೊಸದಾಗಿಯೇ ತೆಗೆಯಬೇಕಾಗುತ್ತದೆ.

ಇಷ್ಟು ಸರಿ ಮಾಡಿದ ಮೇಲೂ ತಡ ಅನ್ನಿಸಿದರೆ ಬೆರಳಿನ ಕಡೆ ನೋಡಿ. ಹಲವು ಫೋನ್‌ಗಳಲ್ಲಿ ಫೋಟೊ ಬೀಳುವುದು ಬೆರಳು ಬಟನ್ನಿಗೆ ತಾಗಿದಾಗ ಅಲ್ಲ, ಬೆರಳು ಎತ್ತಿದಾಗ. ಒತ್ತಿ ಹಿಡಿದರೆ ವಿಡಿಯೊ ಅಥವಾ ಒಂದರ ಹಿಂದೊಂದು ಫೋಟೊ ತೆಗೆಯುವ ಬರ್ಸ್ಟ್ ಶುರುವಾಗಬೇಕಲ್ಲ, ಹಾಗಾಗಿ ನೀವು ಒತ್ತಿದಿರೋ ಒತ್ತಿ ಹಿಡಿದಿರೋ ಅಂತ ತಿಳಿಯಲು ಫೋನ್ ಕಾಯುತ್ತದೆ. ಒತ್ತಿ ಹಾಗೇ ಹಿಡಿದು ನೋಡಿ. ಫೋಟೊ ಬೀಳದೆ ವಿಡಿಯೊ ಶುರುವಾದರೆ ನಿಮ್ಮದು ಈ ಬಗೆಯದು. ಗಟ್ಟಿಯಾಗಿ, ಉದ್ದಕ್ಕೆ ಒತ್ತುವ ಅಭ್ಯಾಸ ಇರುವವರಿಗೆ ಇದೊಂದರಿಂದಲೇ ಕ್ಷಣ ತಪ್ಪುತ್ತದೆ. ಹಗುರವಾಗಿ ತಟ್ಟಿ ಬೆರಳು ತೆಗೆಯಿರಿ. ಸ್ಯಾಮ್‌ಸಂಗ್ ಗ್ಯಾಲಕ್ಸಿಯ ಹಲವು ಮಾಡೆಲ್‌ಗಳಲ್ಲಿ ಸ್ಯಾಮ್‌ಸಂಗ್‌ನದೇ ಗುಡ್ ಲಾಕ್ ಆಪ್‌ನ ಕ್ಯಾಮೆರಾ ಅಸಿಸ್ಟೆಂಟ್ ಹಾಕಿಕೊಂಡರೆ `Quick tap shutter` ಅನ್ನುವ ಆಯ್ಕೆ ಸಿಗುತ್ತದೆ. ಅದನ್ನು ಆನ್ ಮಾಡಿದರೆ ಬೆರಳು ತಾಗಿದ ಕೂಡಲೇ ಫೋಟೊ ಬೀಳುತ್ತದೆ.

ಇನ್ನು ತಡ ನಿಮ್ಮದೋ ಫೋನಿನದೋ ಅಂತ ಅಳೆದೇ ನೋಡಬಹುದು. ಇನ್ನೊಂದು ಫೋನಿನಲ್ಲಿ ಸ್ಟಾಪ್‌ವಾಚ್ ಓಡಿಸಿ ಮೇಜಿನ ಮೇಲೆ ಇಡಿ. ಹಗಲು ಬೆಳಕಿನಲ್ಲಿ ನಿಮ್ಮ ಕ್ಯಾಮೆರಾ ಅದರತ್ತ ಹಿಡಿದು, ಸ್ಟಾಪ್‌ವಾಚನ್ನೇ ನೋಡುತ್ತಾ ಸೆಕೆಂಡುಗಳನ್ನು ತಾಳ ಹಾಕಿದ ಹಾಗೆ ಮನಸ್ಸಿನಲ್ಲಿ ಎಣಿಸಿ. ಸರಿಯಾಗಿ 5 ಅನ್ನುವಾಗ ತಟ್ಟಿ. ಅಂಕಿ ಕಂಡ ಮೇಲೆ ತಟ್ಟಿದರೆ ನಿಮ್ಮ ಕಣ್ಣು-ಕೈ ತೆಗೆದುಕೊಳ್ಳುವ ಸುಮಾರು ಕಾಲು ಸೆಕೆಂಡೂ ಲೆಕ್ಕಕ್ಕೆ ಸೇರಿಬಿಡುತ್ತದೆ, ತಾಳಕ್ಕೆ ತಟ್ಟಿದರೆ ಅದು ಹೋಗುತ್ತದೆ. ಹೀಗೆ ಹತ್ತು ಫೋಟೊ ತೆಗೆದು ನೋಡಿ. ಕೊನೆಯ ಅಂಕಿ ನಂಬಬೇಡಿ, ಪರದೆ ಅಷ್ಟು ಬೇಗ ಬದಲಾಗುವುದಿಲ್ಲ. ಫೋಟೊಗಳಲ್ಲಿ 4.9, 5.0, 5.1 ಹೀಗೆ 5ರ ಎರಡೂ ಕಡೆ ಬಂದಿದ್ದರೆ ಫೋನ್ ಚೆನ್ನಾಗಿದೆ. ಎಲ್ಲವೂ 5.4, 5.5 ಅಂತ ಒಂದೇ ಕಡೆ ವಾಲಿದ್ದರೆ ಫೋನ್ ತಡ ಮಾಡುತ್ತಿದೆ. ಅದೇ ಪರೀಕ್ಷೆಯನ್ನು ರಾತ್ರಿ ಮನೆಯ ದೀಪದಲ್ಲಿ ಮಾಡಿ. ಹಗಲು ಸರಿ ಇದ್ದು ರಾತ್ರಿ ಮಾತ್ರ ತಡವಾದರೆ ಕಾರಣ ಬೆಳಕು, ಫೋನ್ ಅಲ್ಲ.

ಫೋನ್ ಸರಿ ಇದೆ ಅಂತ ಗೊತ್ತಾಯಿತು ಅಂದುಕೊಳ್ಳಿ. ಆದರೂ ಆ ಕಾಲು ಸೆಕೆಂಡು ಉಳಿದೇ ಇದೆ. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಓಡುವ ಮಗು ಅಷ್ಟರಲ್ಲಿ ಅರ್ಧ ಮೀಟರ್ ದಾಟಿರುತ್ತದೆ. ಅದನ್ನು ಯಾವ ಹೊಸ ಫೋನೂ ವಾಪಸ್ ಕೊಡಲಾರದು. ಇಲ್ಲಿಗೆ ಬರ್ಸ್ಟ್ ಬೇಕು.

ಐಫೋನ್ ಎಕ್ಸ್‌ಎಸ್, ಎಕ್ಸ್‌ಆರ್ ಮತ್ತು ನಂತರದ ಮಾಡೆಲ್‌ಗಳಲ್ಲಿ ಫೋನ್ ನೆಟ್ಟಗೆ ಹಿಡಿದು ಶಟರ್ ಬಟನ್ನನ್ನು ಎಡಕ್ಕೆ ಎಳೆದು ಹಿಡಿಯಬೇಕು, ಸೆಕೆಂಡಿಗೆ ಸುಮಾರು 10 ಫೋಟೊ ಬೀಳುತ್ತವೆ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ `Use Volume Up for Burst` ಆನ್ ಮಾಡಿದರೆ ವಾಲ್ಯೂಮ್ ಹೆಚ್ಚಿಸುವ ಬಟನ್ ಒತ್ತಿ ಹಿಡಿದರೆ ಸಾಕು. ನನಗೆ ಇದೇ ಅನುಕೂಲ, ಪರದೆಯ ಮೇಲೆ ಬೆರಳು ಹುಡುಕುವ ಕೆಲಸ ಇಲ್ಲ. ಸ್ಯಾಮ್‌ಸಂಗ್‌ನಲ್ಲಿ ಬಟನ್ನನ್ನು ಪರದೆಯ ಅಂಚಿನ ಕಡೆ ಎಳೆದು ಹಿಡಿಯಬೇಕು. ಹಾಗೆ ಎಳೆದಾಗ ಜಿಫ್ ಆಗುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ `Swipe Shutter button to` ಎಂಬಲ್ಲಿ ಬರ್ಸ್ಟ್ ಆರಿಸಿ. ಬೇರೆ ಫೋನ್‌ಗಳಲ್ಲಿ ಶಟರ್ ಅಥವಾ ವಾಲ್ಯೂಮ್ ಬಟನ್ ಒತ್ತಿ ಹಿಡಿದರೆ ಏನಾಗಬೇಕು ಅನ್ನುವುದನ್ನು ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ.

ಬರ್ಸ್ಟ್ ಶುರು ಮಾಡಬೇಕಾದ್ದು ಮಗು ಹಾರಿದಾಗ ಅಲ್ಲ, ಹಾರಲು ಮೊಣಕಾಲು ಬಗ್ಗಿಸಿದಾಗ. ನಾಯಿಯಾದರೆ ಚೆಂಡು ಎಸೆಯುವವರ ಕೈ ಹಿಂದಕ್ಕೆ ಹೋದಾಗ. ಒಂದೆರಡು ಸೆಕೆಂಡು ಸಾಕು. ಜಾಸ್ತಿ ಹೊತ್ತು ಹಿಡಿದರೆ ಕೆಲವು ಫೋನ್‌ಗಳಲ್ಲಿ ಮೆಮೊರಿ ತುಂಬಿ ವೇಗ ಕುಸಿಯುತ್ತದೆ, ನಿಮಗೆ ಬೇಕಾದ ಫೋಟೊ ಆ ನಿಧಾನದ ಭಾಗದಲ್ಲೇ ಬರುತ್ತದೆ.

## ಬಟನ್ ಒತ್ತಿದರೂ ಫೋನ್ ಯೋಚಿಸುತ್ತಾ ನಿಲ್ಲುತ್ತದೆ, ಪರದೆ ಮಸುಕಾಗಿ ಮತ್ತೆ ತಿಳಿಯಾಗುತ್ತದೆ

ಇದು ಫೋಕಸ್ ಹುಡುಕಾಟ. ಲೆನ್ಸ್ ಹಿಂದೆ ಮುಂದೆ ಓಡಾಡಿ ಎಲ್ಲಿ ನಿಲ್ಲಬೇಕು ಅಂತ ತಡಕಾಡುತ್ತಿದೆ. ಮಂದ ಬೆಳಕು, ಪೂರ್ತಿ ಕಪ್ಪು ಅಥವಾ ಪೂರ್ತಿ ಬಿಳಿ ರೋಮದ ನಾಯಿ, ಗೆರೆ-ಚಿತ್ರ ಇಲ್ಲದ ಬಟ್ಟೆ, ನಡುವೆ ಬರುವ ಕಿಟಕಿ ಸರಳು ಇವೆಲ್ಲ ಇದಕ್ಕೆ ಕಾರಣ.

ಮೊದಲು ಲೆನ್ಸ್ ಒರೆಸಿ. ಮೆತ್ತನೆಯ ಒಣ ಬಟ್ಟೆ ಸಾಕು. ಬೆರಳಿನ ಜಿಡ್ಡು ಕೂತಿದ್ದರೆ ದೀಪಗಳ ಸುತ್ತ ಮಬ್ಬು ಬೆಳಕು ಹರಡಿದ ಹಾಗೆ ಕಾಣುತ್ತದೆ, ಫೋಕಸ್‌ಗೂ ತೊಂದರೆ. ಆಮೇಲೆ ನೀವೆಷ್ಟು ಹತ್ತಿರ ಇದ್ದೀರಿ ನೋಡಿ. ಬೆಕ್ಕಿನ ಮುಖದ ಹತ್ತಿರ ಫೋನ್ ಹಿಡಿದಾಗ ಚಿತ್ರ ಒಮ್ಮೆ ಸಣ್ಣಗೆ ಜಿಗಿದ ಹಾಗೆ ಆಗುತ್ತದೆಯಾ? ಹಾಗಿದ್ದರೆ ಫೋನ್ ತಾನಾಗಿಯೇ ಮ್ಯಾಕ್ರೊ ಲೆನ್ಸ್‌ಗೆ ಹೋಗುತ್ತಿದೆ, ಆ ಬದಲಾವಣೆಗೂ ಹೊತ್ತು ಹಿಡಿಯುತ್ತದೆ. ಎರಡು ಹೆಜ್ಜೆ ಹಿಂದೆ ಸರಿಯಿರಿ, ಸಮಸ್ಯೆ ಮುಗಿಯಿತು.

ಅಷ್ಟಕ್ಕೂ ನಿಲ್ಲದಿದ್ದರೆ ಫೋಕಸ್ ಲಾಕ್ ಮಾಡಿ. ಫೋಕಸ್ ಬೇಕಾದ ಜಾಗದ ಮೇಲೆ ಬೆರಳಿಟ್ಟು ಒಂದೆರಡು ಸೆಕೆಂಡು ಹಿಡಿಯಿರಿ. ಐಫೋನಿನಲ್ಲಿ `AE/AF LOCK` ಅಂತ ಹಳದಿ ಪಟ್ಟಿ ಬರುತ್ತದೆ, ಬೇರೆ ಫೋನ್‌ಗಳಲ್ಲಿ ಬೀಗದ ಗುರುತು ಕಾಣುತ್ತದೆ. ಈಗ ಲೆನ್ಸ್ ಅಲ್ಲಾಡುವುದಿಲ್ಲ, ಹುಡುಕಾಟವೂ ಇಲ್ಲ. ಲಾಕ್ ಬಿಡಿಸಲು ಬೇರೆಲ್ಲಾದರೂ ಒಮ್ಮೆ ತಟ್ಟಿದರೆ ಆಯಿತು.

ಒಂದು ವಿಷಯ ಮಾತ್ರ ಗಟ್ಟಿಯಾಗಿ ನೆನಪಿಡಿ. ಲಾಕ್ ಆಗುವುದು ಮಗುವಿನ ಮೇಲೆ ಅಲ್ಲ, ದೂರದ ಮೇಲೆ. 2 ಮೀಟರ್ ದೂರಕ್ಕೆ ಲಾಕ್ ಮಾಡಿದರೆ 2 ಮೀಟರ್ ಆಸುಪಾಸು ಸ್ಪಷ್ಟ, ಅಷ್ಟೇ. ಫೋನಿನ ಮುಖ್ಯ ಲೆನ್ಸ್‌ನಲ್ಲಿ ಆ ದೂರಕ್ಕೆ ಅರ್ಧ ಮೀಟರ್ ಹಿಂದೆ ಮುಂದೆ ಆದರೂ ಸಾಮಾನ್ಯವಾಗಿ ನಡೆಯುತ್ತದೆ. ಆದರೆ 40 ಸೆಂಟಿಮೀಟರ್ ದೂರಕ್ಕೆ ಲಾಕ್ ಮಾಡಿದರೆ ಕೆಲವೇ ಸೆಂಟಿಮೀಟರ್ ಅವಕಾಶ. ನಾಯಿಯ ಮೂಗು ಸ್ಪಷ್ಟ, ಕಣ್ಣು ಮಸುಕು ಆಗುವುದು ಹೀಗೇ. ಜೂಮ್ ಲೆನ್ಸ್‌ನಲ್ಲೂ ಅವಕಾಶ ಕಡಿಮೆ. ಆದ್ದರಿಂದ ಮಗು ಈಗ ಇರುವ ಜಾಗಕ್ಕೆ ಲಾಕ್ ಮಾಡಬೇಡಿ, ಅದು ಬರಲಿರುವ ಜಾಗಕ್ಕೆ ಮಾಡಿ.

ಜೋಕಾಲಿ ಇದಕ್ಕೆ ಒಳ್ಳೆಯ ಉದಾಹರಣೆ. ಮಗು ನಿಮ್ಮ ಕಡೆಗೆ ಬರುತ್ತದೆ, ಹಿಂದೆ ಹೋಗುತ್ತದೆ, ಫೋಕಸ್ ಪ್ರತಿ ಸಲವೂ ಬೆನ್ನಟ್ಟಿ ಸೋಲುತ್ತದೆ. ಫೋನನ್ನು ಅದರ ಪಾಡಿಗೆ ಬಿಟ್ಟರೆ ಹತ್ತರಲ್ಲಿ ಎರಡು ಸಿಕ್ಕಿದರೆ ಹೆಚ್ಚು. ಹೀಗೆ ಮಾಡಿ. ಜೋಕಾಲಿಯ ನೇರ ಎದುರಿಗೆ ನಿಲ್ಲಬೇಡಿ, ಓರೆಯಾಗಿ, ಕಾಲು ತಾಗದಷ್ಟು ದೂರ ನಿಲ್ಲಿ. ಮುಂದೆ ಬಂದಾಗ ಮಗು ಮುಟ್ಟುವ ತುದಿ ಯಾವುದು ಅಂತ ಎರಡು ಸಲ ನೋಡಿಕೊಳ್ಳಿ. ಆ ತುದಿಯಷ್ಟೇ ದೂರದಲ್ಲಿರುವ ಇನ್ನೊಂದು ವಸ್ತು ಹುಡುಕಿ. ಜೋಕಾಲಿಯ ಕಂಬವೋ ಪಕ್ಕದಲ್ಲಿ ನಿಂತವರೋ ಆಗಬಹುದು. ಅದರ ಮೇಲೆ ಒತ್ತಿ ಹಿಡಿದು ಲಾಕ್ ಮಾಡಿ, ಆಮೇಲೆ ಫೋನನ್ನು ಜೋಕಾಲಿಯ ಕಡೆ ತಿರುಗಿಸಿ.

2 ಮೀಟರ್ ಹಗ್ಗದ ಜೋಕಾಲಿ ಒಂದು ಸುತ್ತು ಹೋಗಿ ಬರಲು ಮೂರು ಸೆಕೆಂಡಿಗೆ ಸ್ವಲ್ಪ ಕಡಿಮೆ ತೆಗೆದುಕೊಳ್ಳುತ್ತದೆ. ಹಾಗಾಗಿ ಲಯ ಹಿಡಿಯುವುದು ಸುಲಭ. ಮಗು ನಡುವಿನ ತಗ್ಗನ್ನು ದಾಟಿದ ಕೂಡಲೇ ಬರ್ಸ್ಟ್ ಶುರು ಮಾಡಿ, ಹಿಂದಕ್ಕೆ ತಿರುಗಿದ ಮೇಲೆ ಬಿಡಿ. ತುದಿಯಲ್ಲಿ ಜೋಕಾಲಿ ಒಂದು ಕ್ಷಣ ನಿಂತೇಬಿಡುತ್ತದೆ, ಅಲ್ವಾ? ಅಲ್ಲಿ ಮಗು ಲಾಕ್ ಮಾಡಿದ ದೂರದಲ್ಲೂ ಇರುತ್ತದೆ, ಅಲುಗಾಟವೂ ಇಲ್ಲ. ಬರ್ಸ್ಟಿನ ಹತ್ತು ಹದಿನೈದು ಫೋಟೊಗಳಲ್ಲಿ ಮೊದಲಿನವು ಮಸುಕು, ಕೊನೆಯವು ಮಸುಕು, ನಡುವಿನ ಮೂರ್ನಾಲ್ಕು ಗರಿಗರಿ ಆಗಿದ್ದರೆ ಲೆಕ್ಕ ಸರಿ ಬಂದಿದೆ. ಮೊದಲಿನವೇ ಸ್ಪಷ್ಟ, ತುದಿಯವು ಮಸುಕು ಆಗಿದ್ದರೆ ಲಾಕ್ ಮಾಡಿದ ದೂರ ಜಾಸ್ತಿ ಆಗಿದೆ, ಇನ್ನೂ ಹತ್ತಿರದ ವಸ್ತುವಿಗೆ ಲಾಕ್ ಮಾಡಿ. ಹಾರುವ ಮಗುವಿಗೂ ಇದೇ ಲೆಕ್ಕ. ನೆಗೆತದ ಮೇಲಿನ ತುದಿಯಲ್ಲಿ ಒಂದು ಕ್ಷಣ ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ.

ಫೋಕಸ್ ಲಾಕ್ ಜೊತೆಗೆ ಹೆಚ್ಚಿನ ಫೋನ್‌ಗಳಲ್ಲಿ ಬೆಳಕಿನ ಅಳತೆಯೂ ಲಾಕ್ ಆಗುತ್ತದೆ. ನೆರಳಲ್ಲಿ ಲಾಕ್ ಮಾಡಿ ಮಗು ಬಿಸಿಲಿಗೆ ಓಡಿದರೆ ಮುಖ ಬೆಳ್ಳಗೆ ಸುಟ್ಟುಹೋಗುತ್ತದೆ. ಬೆಳಕು ಬದಲಾದರೆ ಮತ್ತೆ ಲಾಕ್ ಮಾಡಿ. ಇನ್ನು ಎಲ್ಲಿಗೆ ಓಡುತ್ತದೋ ಗೊತ್ತಿಲ್ಲದ ನಾಯಿಮರಿಗೆ ಲಾಕ್ ಉಪಯೋಗ ಇಲ್ಲ. ಅಲ್ಲಿ ಟ್ರ್ಯಾಕಿಂಗ್ ಫೋಕಸ್ ಇದ್ದರೆ ಅದನ್ನು ಆನ್ ಮಾಡಿ.

## ಮಗು ಮಸುಕು, ಗೋಡೆ ಸ್ಪಷ್ಟ

ಇಲ್ಲಿ ಎರಡು ಬೇರೆ ಬೇರೆ ದೋಷಗಳು ಒಂದೇ ಥರ ಕಾಣುತ್ತವೆ. ಮಗುವಿನ ಅಂಚು ನೋಡಿ. ಮಸುಕು ಒಂದೇ ದಿಕ್ಕಿಗೆ ಎಳೆದ ಹಾಗಿದ್ದು, ಕೈಕಾಲು ಹೆಚ್ಚು ಎಳೆದು ಹೊಟ್ಟೆಯ ಭಾಗ ಕಡಿಮೆ ಎಳೆದಿದ್ದರೆ ಅದು ಚಲನೆಯ ಮಸುಕು. ಎಲ್ಲ ಕಡೆ ಸಮನಾಗಿ ಮೆತ್ತಗಾಗಿದ್ದರೆ ಫೋಕಸ್ ಗೋಡೆಗೆ ಹೋಗಿದೆ, ಮೇಲಿನ ಭಾಗ ಓದಿ. ಗೋಡೆಯೂ ಮಗುವೂ ಒಂದೇ ದಿಕ್ಕಿಗೆ ಎಳೆದಿದ್ದರೆ ಅಲುಗಾಡಿದ್ದು ನಿಮ್ಮ ಕೈ.

ಚಲನೆಯ ಮಸುಕು ಅಂತ ಖಚಿತವಾದರೆ ಮೊದಲು ಹೇಳಿದ ಸಂಖ್ಯೆ ನೋಡಿ. 1/30 ಇದ್ದರೆ, ಸೆಕೆಂಡಿಗೆ 2 ಮೀಟರ್ ಓಡುವ ಮಗು ಆ ಹೊತ್ತಿನಲ್ಲಿ ಆರೂವರೆ ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು ಸರಿದಿರುತ್ತದೆ. ಮುಖ ಕಾಣುವುದಾದರೂ ಹೇಗೆ? 1/500 ಆದರೆ ಸರಿಯುವುದು 4 ಮಿಲಿಮೀಟರ್ ಮಾತ್ರ. ತೆವಳುವ ಮಗುವಿಗೆ 1/125, ಓಡುವ ಮಗುವಿಗೆ 1/250, ಚೆಂಡಿಗೆ ಹಾರುವ ನಾಯಿಗೆ 1/500 ಅಥವಾ ಇನ್ನೂ ವೇಗ. ಇದು ನಾನು ಇಟ್ಟುಕೊಂಡ ಅಂದಾಜು.

ಅಷ್ಟು ವೇಗ ಬೇಕಾದರೆ ಬೆಳಕು ಬೇಕು. ಅತಿ ಅಗ್ಗದ ಉಪಾಯ, ಆಟವನ್ನು ಕಿಟಕಿಯ ಹತ್ತಿರಕ್ಕೆ ತರುವುದು. ನೀವು ಕಿಟಕಿಗೆ ಬೆನ್ನು ಕೊಟ್ಟು ನಿಲ್ಲಿ, ಬೆಳಕು ಮಗುವಿನ ಮುಖಕ್ಕೆ ಬೀಳಲಿ. ಆಗದಿದ್ದರೆ ಪ್ರೊ ಮೋಡ್‌ಗೆ ಹೋಗಿ ಶಟರ್ ವೇಗ 1/250 ಇಟ್ಟು, ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಐಎಸ್‌ಒ ಸಂಖ್ಯೆ ಏರಿಸಿ. ಫೋಟೊದಲ್ಲಿ ಕಾಳು ಕಾಳು ಬರುತ್ತದೆ. ಬರಲಿ, ಮಸುಕು ಮುಖಕ್ಕಿಂತ ಕಾಳಿನ ಮುಖ ವಾಸಿ. ಕೆಲವು ಎಲ್‌ಇಡಿ ದೀಪಗಳ ಕೆಳಗೆ ವೇಗ ಹೆಚ್ಚಿಸಿದಾಗ ಅಡ್ಡ ಪಟ್ಟಿಗಳು ಕಾಣಬಹುದು. ಅದು ದೀಪದ ಮಿನುಗು, ಕ್ಯಾಮೆರಾ ದೋಷ ಅಲ್ಲ. ವೇಗವನ್ನು 1/100ಕ್ಕೆ ಇಳಿಸಿ, ಹೋಗದಿದ್ದರೆ 1/120 ಇಟ್ಟು ನೋಡಿ.

## ಬರ್ಸ್ಟ್ ತೆಗೆದರೂ ಒಂದೂ ಸರಿ ಇಲ್ಲ

ಎಲ್ಲವೂ ಮಸುಕಾಗಿದ್ದರೆ ಬರ್ಸ್ಟ್‌ನ ತಪ್ಪಲ್ಲ. ಬರ್ಸ್ಟ್ ಸಮಯದ ಸಮಸ್ಯೆಗೆ ಮದ್ದು, ಬೆಳಕಿನ ಸಮಸ್ಯೆಗಲ್ಲ. ಮಂದ ಬೆಳಕಿನಲ್ಲಿ ಅದು ಒಂದು ಮಸುಕು ಫೋಟೊ ಬದಲು ಇಪ್ಪತ್ತು ಮಸುಕು ಫೋಟೊ ಕೊಡುತ್ತದೆ. ಫೋಟೊಗಳು ಸ್ಪಷ್ಟವಾಗಿದ್ದು ಬಣ್ಣ, ನೆರಳು ಸಪ್ಪೆ ಅನ್ನಿಸಿದರೆ ಅದು ಸಹಜ. ಬರ್ಸ್ಟಿನಲ್ಲಿ ಹಲವು ಫೋನ್‌ಗಳು ಪ್ರತಿ ಫೋಟೊವನ್ನೂ ತಿದ್ದಿ ತೀಡುವ ಕೆಲಸ ಕಡಿಮೆ ಮಾಡುತ್ತವೆ.

ಬರ್ಸ್ಟ್ ಇಲ್ಲದ ಫೋನ್ ಆದರೆ 4ಕೆ ವಿಡಿಯೊ ತೆಗೆದು ಅದರಿಂದ ಒಂದು ಫ್ರೇಮ್ ಆರಿಸಿಕೊಳ್ಳಿ. ಸುಮಾರು 8 ಮೆಗಾಪಿಕ್ಸೆಲ್ ಸಿಗುತ್ತದೆ, ಸಣ್ಣ ಪ್ರಿಂಟಿಗೆ ಧಾರಾಳ ಸಾಕು. ಐಫೋನಿನ ಲೈವ್ ಫೋಟೊ ಆನ್ ಇದ್ದರೆ ಒತ್ತುವ ಮೊದಲಿನ 1.5 ಸೆಕೆಂಡೂ ದಾಖಲಾಗಿರುತ್ತದೆ. ಎಡಿಟ್‌ಗೆ ಹೋಗಿ ಬೇರೆ ಕ್ಷಣವನ್ನು ಮುಖ್ಯ ಫೋಟೊ ಮಾಡಬಹುದು. ಗುಣಮಟ್ಟ ಸ್ವಲ್ಪ ಇಳಿಯುತ್ತದೆ, ಆದರೆ ತಪ್ಪಿಹೋಯಿತು ಅಂದುಕೊಂಡ ನಗು ಅಲ್ಲಿ ಸಿಕ್ಕಿಬಿಡಬಹುದು.

## ಮೊದಲ ಫೋಟೊ ಸರಿ, ಎರಡನೆಯದಕ್ಕೆ ಕಾಯಿಸುತ್ತದೆ

ಸ್ಟೋರೇಜ್ ಎಷ್ಟು ಉಳಿದಿದೆ ನೋಡಿ. ಬಹುತೇಕ ತುಂಬಿದ್ದರೆ ಕೆಲವು ಜಿಬಿ ಖಾಲಿ ಮಾಡಿ. ಹಳೆಯ ಬರ್ಸ್ಟ್‌ಗಳೇ ಅರ್ಧ ಜಾಗ ತಿಂದಿರುತ್ತವೆ. ಫೋಟೊಗಳು ನಿಧಾನದ ಮೆಮೊರಿ ಕಾರ್ಡಿಗೆ ಹೋಗುತ್ತಿದ್ದರೆ ಫೋನಿನ ಒಳಗೇ ಉಳಿಯುವಂತೆ ಬದಲಿಸಿ. ಬ್ಯಾಟರಿ ಸೇವರ್ ಆಫ್ ಮಾಡಿ, ಫೋನ್ ಒಮ್ಮೆ ರೀಸ್ಟಾರ್ಟ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಕ್ಯಾಮೆರಾ ಆಪ್‌ನ ಕ್ಯಾಶ್ ಅಳಿಸಬಹುದು, ಫೋಟೊಗಳಿಗೆ ಏನೂ ಆಗುವುದಿಲ್ಲ. ಐಫೋನಿನಲ್ಲಿ `Prioritize Faster Shooting` ಆನ್ ಇದೆಯಾ ನೋಡಿ.

ಫೋನ್ ಬಿಸಿಯಾಗಿದ್ದರೆ ತಾನಾಗಿಯೇ ನಿಧಾನ ಆಗುತ್ತದೆ, ಫ್ಲ್ಯಾಶ್ ಕೂಡ ಬಂದ್ ಮಾಡುತ್ತದೆ. ಕವರ್ ತೆಗೆದು ನೆರಳಿನಲ್ಲಿ ಇಡಿ. ಫ್ರಿಜ್‌ನಲ್ಲಿ ಇಡಲೇಬೇಡಿ, ಒಳಗೆ ನೀರು ಹನಿಗಟ್ಟುತ್ತದೆ. ಚಾರ್ಜ್ ಆಗುತ್ತಿರುವ ಫೋನಿನಲ್ಲಿ ಬಿಸಿಲಲ್ಲಿ ಬರ್ಸ್ಟ್ ತೆಗೆಯುವುದೂ ಬೇಡ.

## ಇಲ್ಲಿಗೆ ನಿಲ್ಲಿಸಿ, ಸರ್ವಿಸ್‌ಗೆ ತೋರಿಸಿ

ಹಗಲು ಬೆಳಕಿನಲ್ಲಿ, ಲೆನ್ಸ್ ಒರೆಸಿ, ಕವರ್ ತೆಗೆದೂ ಫೋಕಸ್ ಎಲ್ಲೂ ನಿಲ್ಲದಿದ್ದರೆ ದೋಷ ಯಂತ್ರದಲ್ಲಿದೆ. ಕವರ್ ತೆಗೆಯುವುದನ್ನು ಮರೆಯಬೇಡಿ. ಕವರ್‌ನಲ್ಲೋ ಹೊರಗಿನ ಲೆನ್ಸ್‌ನಲ್ಲೋ ಇರುವ ಅಯಸ್ಕಾಂತ ಫೋಕಸ್ ಮತ್ತು ಅಲುಗಾಟ ತಡೆಯುವ ಭಾಗವನ್ನು ಗೊಂದಲಕ್ಕೆ ಹಾಕಬಹುದು. ಕ್ಯಾಮೆರಾ ತೆರೆದ ಕೂಡಲೇ ಚಿತ್ರ ನಡುಗಿದರೆ, ಗುಂಯ್ ಅನ್ನುವ ಸದ್ದು ಬಂದರೆ, ಒಂದೇ ಲೆನ್ಸ್ ಮಾತ್ರ ಕಪ್ಪಾಗಿದ್ದರೆ ಅಲುಗಾಟ ತಡೆಯುವ ಭಾಗವೋ ಇಡೀ ಕ್ಯಾಮೆರಾ ಮಾಡ್ಯೂಲೋ ಕೆಟ್ಟುಹೋಗಿದೆ. ಬಿದ್ದ ಫೋನಿನಲ್ಲಿ ಇದು ಹೆಚ್ಚು. ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿ ಓಡಾಡುವ ಫೋನಿನಲ್ಲೂ ಆಗಬಹುದು. ಆಪಲ್ 2021ರಲ್ಲಿ ಹೆಚ್ಚು ಶಕ್ತಿಯ ಬೈಕುಗಳ ಕಂಪನದ ಬಗ್ಗೆ ಇದೇ ಎಚ್ಚರಿಕೆ ಕೊಟ್ಟಿತ್ತು. ಲೆನ್ಸ್ ಗಾಜನ್ನು ಪಿನ್ನಿನಿಂದ ಎಬ್ಬಿಸಿ ನೋಡುವ ಸಾಹಸ ಬೇಡ.

ಫೋನಿನ ಬೆನ್ನು ಉಬ್ಬಿದ್ದರೆ ಅಥವಾ ಪರದೆ ಅಂಚಿನಲ್ಲಿ ಎದ್ದಿದ್ದರೆ ಕ್ಯಾಮೆರಾ ಮಾತು ಬಿಡಿ. ಅದು ಬ್ಯಾಟರಿ ಉಬ್ಬಿದ ಲಕ್ಷಣ. ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ, ಆಫ್ ಮಾಡಿ ಮಕ್ಕಳ ಕೈಗೆ ಸಿಗದ ಹಾಗೆ ಇಟ್ಟು ಬೇಗ ಸರ್ವಿಸ್‌ಗೆ ತಲುಪಿಸಿ.

ಇನ್ನೊಂದು ಎಚ್ಚರಿಕೆ ಫೋಟೊ ತೆಗೆಯುವವರಿಗೆ. ಪರದೆ ನೋಡುತ್ತಾ ಹಿಂದಕ್ಕೆ ನಡೆಯಬೇಡಿ. ಮೆಟ್ಟಿಲು, ನೀರು, ರಸ್ತೆ ಹತ್ತಿರ ಇದ್ದರೆ ಮಗುವಿನ ಮೇಲೆ ಕಣ್ಣಿಡಲು ಇನ್ನೊಬ್ಬರು ಇರಲಿ. ಪರದೆಯಲ್ಲಿ ಕಾಣುವುದು ಸ್ವಲ್ಪ ಹಿಂದಿನ ಕ್ಷಣ ಕೂಡ. ಪರಿಚಯ ಇಲ್ಲದ ನಾಯಿಯ ಮುಖದ ಮಟ್ಟಕ್ಕೆ ಬಗ್ಗಿ ಫೋನ್ ಹಿಡಿಯಬೇಡಿ. ಅದು ಮೈ ಬಿಗಿ ಮಾಡಿ ನಿಂತರೆ ಅಥವಾ ಗುರ್ ಅಂದರೆ ನಿಧಾನವಾಗಿ ಹಿಂದೆ ಸರಿಯಿರಿ.

ಸರ್ವಿಸ್‌ಗೆ ಹೋಗುವ ಮೊದಲು ಫೋಟೊಗಳ ಬ್ಯಾಕಪ್ ತೆಗೆದುಕೊಳ್ಳಿ, ರೀಸೆಟ್ ಮಾಡಿಬಿಡುವ ಸಾಧ್ಯತೆ ಇರುತ್ತದೆ. ಸ್ಟಾಪ್‌ವಾಚ್‌ನ ಹಗಲಿನ ಮತ್ತು ರಾತ್ರಿಯ ಫೋಟೊಗಳನ್ನು ಇನ್ನೊಂದು ಫೋನಿನಲ್ಲಿ ಇಟ್ಟುಕೊಂಡು ಹೋಗಿ. "ಸುಮ್ನೆ ಸ್ಲೋ ಇದೆ" ಅಂದರೆ ಹತ್ತರಲ್ಲಿ ಒಂಬತ್ತು ಸಲ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿ ಕಳಿಸುತ್ತಾರೆ. ಹಗಲಲ್ಲೂ ಎಲ್ಲ ಫೋಟೊ 5.4 ಮೇಲೆ ಬಂದಿದೆ, ಕವರ್ ಇಲ್ಲದೆ ತೆಗೆದದ್ದು ಅಂತ ತೋರಿಸಿದರೆ ನೇರವಾಗಿ ಕ್ಯಾಮೆರಾ ಮಾಡ್ಯೂಲ್ ಪರೀಕ್ಷೆಗೆ ತೆಗೆದುಕೊಳ್ಳಲು ಕೇಳಬಹುದು.